ಫೋನಿನಲ್ಲಿ ಬಂದ ಆಫರ್, ಕೈಗೆ ಸಿಗುವ ಸಂಬಳ

ಕೇಳುಗರಿಗೆ ನಮಸ್ಕಾರ.

ಇಂಟರ್‌ವ್ಯೂ ಸುತ್ತುಗಳೆಲ್ಲ ಮುಗಿದು ಕೆಲವು ದಿನ ಕಳೆದಿರುತ್ತವೆ. ಒಂದು ಸಂಜೆ ರಿಕ್ರೂಟರ್ ಫೋನ್ ಬರುತ್ತದೆ. "ಮೇಡಂ, ನೀವು ಸೆಲೆಕ್ಟ್ ಆಗಿದ್ದೀರಿ. 18 ಲಕ್ಷ ಸಿಟಿಸಿ ಕೊಡ್ತಿದ್ದೀವಿ. ಈಗಿನದಕ್ಕಿಂತ 20 ಪರ್ಸೆಂಟ್ ಜಾಸ್ತಿ. ಓಕೆ ತಾನೆ? ಓಕೆ ಅಂದ್ರೆ ನಾಳೇನೇ ಲೆಟರ್ ಕಳಿಸ್ತೀನಿ." ಆ ಖುಷಿಯಲ್ಲಿ ಬಾಯಿಂದ "ಓಕೆ ಸರ್" ಎಂದು ಬಂದೇಬಿಡುತ್ತದೆ. ಅಲ್ಲಿಗೆ ಮಾತು ಮುಗಿದಂತೆ.

ನಾನು ಬೆಂಗಳೂರಿನಲ್ಲಿ ಹಲವು ವರ್ಷ ಕಂಪನಿಯ ಕಡೆ ಕೂತು ಇಂಥ ಫೋನುಗಳನ್ನು ಮಾಡಿದವನು. ಆದ್ದರಿಂದ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ಬಾಯಿಮಾತಿನ ಆಫರ್‌ಗೂ ಕೈಗೆ ಬರುವ ಪತ್ರಕ್ಕೂ ನಡುವಿನ ಎರಡು ಮೂರು ದಿನವೇ ಸಂಬಳದ ಮಾತಿಗೆ ಸರಿಯಾದ ಕಾಲ. ಅದಕ್ಕೂ ಮುಂಚೆ ಕೇಳಿದರೆ, ನಿಮ್ಮನ್ನೇ ತಗೊಳ್ಳಬೇಕೆಂದು ಕಂಪನಿ ಇನ್ನೂ ತೀರ್ಮಾನಿಸಿರುವುದಿಲ್ಲ. ಪತ್ರ ಬಂದ ಮೇಲೆ ಕೇಳಿದರೆ, ಮೇಲಿನವರ ಒಪ್ಪಿಗೆಯನ್ನು ಮತ್ತೆ ಮೊದಲಿನಿಂದ ತರಬೇಕಾಗುತ್ತದೆ. ರಿಕ್ರೂಟರ್‌ಗೆ ಅದು ತಲೆನೋವು. ಈ ನಡುವಿನ ದಿನಗಳಲ್ಲಿ ಮಾತ್ರ ಮ್ಯಾನೇಜರ್‌ಗೆ ನೀವು ಬೇಕು, ಅಂಕಿಯೂ ಇನ್ನೂ ಗಟ್ಟಿಯಾಗಿಲ್ಲ.

ಹಾಗಾಗಿ ಆ ಫೋನಿಗೆ ಕೊಡಬೇಕಾದ ಉತ್ತರ ಇಷ್ಟೇ: "ತುಂಬಾ ಸಂತೋಷ ಸರ್. ಈ ಕೆಲಸ ನನಗೆ ನಿಜವಾಗಿ ಇಷ್ಟವಾಗಿದೆ. ಸಂಬಳದ ಪೂರ್ತಿ ಬ್ರೇಕಪ್ ಮೇಲ್ ಮಾಡಿ. ನೋಡಿ ನಾಡಿದ್ದು ಸಂಜೆಯೊಳಗೆ ಹೇಳ್ತೀನಿ." ಇದರಲ್ಲಿ ಒಪ್ಪಿಗೆಯೂ ಇಲ್ಲ, ತಕರಾರೂ ಇಲ್ಲ. "ಮೊದಲು ಓಕೆ ಹೇಳಿ, ಆಮೇಲೆ ಬ್ರೇಕಪ್" ಎಂದು ಒತ್ತಾಯ ಮಾಡುವವರೂ ಇದ್ದಾರೆ. ಆಗಲೂ ಅದೇ ಮಾತನ್ನು ಅಷ್ಟೇ ನಯವಾಗಿ ಇನ್ನೊಮ್ಮೆ ಹೇಳಿ.

ಬ್ರೇಕಪ್ ಯಾಕೆ ಬೇಕು ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ. ಆರು ವರ್ಷ ಅನುಭವವಿರುವ ಟೆಸ್ಟಿಂಗ್ ಇಂಜಿನಿಯರ್ ಒಬ್ಬಳು ಅಂತಿಟ್ಟುಕೊಳ್ಳಿ. ಈಗಿನ ಸಿಟಿಸಿ, ಅಂದರೆ ಕಂಪನಿ ಅವಳಿಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 15 ಲಕ್ಷ. ಪಿಎಫ್, ತೆರಿಗೆ ಕಡಿತಕ್ಕೆ ಮುಂಚೆ ತಿಂಗಳಿಗೆ ಬರುವ ಸಂಬಳ 1,05,000 ರೂಪಾಯಿ. ಅದಲ್ಲದೆ ಮಾರ್ಚ್‌ನಲ್ಲಿ 1,40,000 ಬೋನಸ್. ಹೊಸ ಕಂಪನಿ ಹೇಳಿದ್ದು 18 ಲಕ್ಷ. ಮೇಲ್ ಬಂತು. ಬಿಡಿಸಿ ನೋಡಿದರೆ, 18 ಲಕ್ಷದಲ್ಲಿ 2,70,000 ವೇರಿಯಬಲ್, ಅಂದರೆ ವರ್ಷದ ಕೊನೆಗೆ ಕಂಪನಿಯ ಲಾಭ, ನಿಮ್ಮ ರೇಟಿಂಗ್ ಎರಡನ್ನೂ ನೋಡಿ ಕೊಡುವ ಹಣ. ಪೂರ್ತಿ ಬರಬಹುದು, ಅರ್ಧ ಬರಬಹುದು. ಉಳಿದದ್ದು 15,30,000. ಇದನ್ನೇ ಫಿಕ್ಸೆಡ್ ಎಂದು ಬರೆದಿದ್ದಾರೆ. ಆದರೆ ಅದರೊಳಗೂ ಕಂಪನಿಯ ಪಾಲಿನ ಪಿಎಫ್ ಇದೆ, ಗ್ರ್ಯಾಚ್ಯುಟಿ ಇದೆ, ಆರೋಗ್ಯ ವಿಮೆಯ ಕಂತು ಇದೆ. ಬೇಸಿಕ್ ತಿಂಗಳಿಗೆ 60,000 ಎಂದಾದರೆ ಅದರ 12 ಪರ್ಸೆಂಟ್ ಪಿಎಫ್, 4.81 ಪರ್ಸೆಂಟ್ ಗ್ರ್ಯಾಚ್ಯುಟಿ, ಜೊತೆಗೆ ವಿಮೆಗೆ ಒಂದು 15,000. ಎಲ್ಲ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ 1,36,000. ಅದನ್ನು ಕಳೆದು 12ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 1,16,000.

ಈಗ 1,05,000 ಇದ್ದದ್ದು 1,16,000 ಆಗುತ್ತದೆ. ಫೋನಿನಲ್ಲಿ ಕೇಳಿದ 20 ಪರ್ಸೆಂಟ್ ಏರಿಕೆ ತಿಂಗಳ ಸಂಬಳಕ್ಕೆ ಬರುವಾಗ 11ಕ್ಕೂ ಸ್ವಲ್ಪ ಕಡಿಮೆ. ರಿಕ್ರೂಟರ್ ಸುಳ್ಳು ಹೇಳಿಲ್ಲ. ಅವರು ಸಿಟಿಸಿ ಲೆಕ್ಕ ಹೇಳಿದರು, ಮನೆ ಬಾಡಿಗೆ, ಸಾಲದ ಕಂತು ಕಟ್ಟುವುದು ತಿಂಗಳ ಸಂಬಳದಲ್ಲಿ. ಗ್ರ್ಯಾಚ್ಯುಟಿಯಂತೂ ಸಾಮಾನ್ಯವಾಗಿ ಐದು ವರ್ಷ ತುಂಬಿದ ಖಾಯಂ ನೌಕರರ ಕೈಗೆ ಸಿಗುವಂಥದ್ದು. ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸುವವರಿಗೆ ಅದು ಕಾಗದದ ಮೇಲಿನ ಅಂಕಿಯಾಗಿಯೇ ಉಳಿಯಬಹುದು.

ಈಗ ಕೇಳಬೇಕಾದ್ದು ಎರಡು: ಫಿಕ್ಸೆಡ್ ಮತ್ತು ಜಾಯಿನಿಂಗ್ ಬೋನಸ್. ಕಂಪನಿಯೊಳಗೆ ಈ ಎರಡು ಹಣದ ದಾರಿಯೇ ಬೇರೆ. ಫಿಕ್ಸೆಡ್ ಪ್ರತಿ ವರ್ಷ ಕೊಡಬೇಕಾದ ಹಣ. ಪ್ರತಿ ಹುದ್ದೆಗೂ ಒಂದು ಬ್ಯಾಂಡ್ ಇರುತ್ತದೆ, ಇಷ್ಟರಿಂದ ಇಷ್ಟರವರೆಗೆ ಎಂದು. ಅದೇ ಟೀಮಿನಲ್ಲಿ ಅದೇ ಕೆಲಸ ಮಾಡುತ್ತಿರುವವರ ಸಂಬಳವನ್ನೂ ಎಚ್‌ಆರ್‌ನವರು ಪಕ್ಕದಲ್ಲಿಟ್ಟು ನೋಡುತ್ತಾರೆ. ಹೊಸಬಳಿಗೆ ಹಳಬರಿಗಿಂತ ಬಹಳ ಜಾಸ್ತಿ ಕೊಟ್ಟರೆ ನಾಳೆ ಅವರಿಗೂ ಉತ್ತರ ಹೇಳಬೇಕು. ಜಾಯಿನಿಂಗ್ ಬೋನಸ್ ಒಂದೇ ಸಲದ ಖರ್ಚು, ಬ್ಯಾಂಡನ್ನು ಮುಟ್ಟುವುದಿಲ್ಲ, ಮುಂದಿನ ವರ್ಷದ ಇನ್‌ಕ್ರಿಮೆಂಟ್ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಕಂಪನಿಗೆ ಅದನ್ನು ಕೊಡುವುದು ಸುಲಭ.

ಇದೇ ಕಾರಣಕ್ಕೆ ಮೊದಲು ಫಿಕ್ಸೆಡ್ ಕೇಳಬೇಕು. ಎರಡನ್ನೂ ಒಟ್ಟಿಗೆ ಇಟ್ಟರೆ ರಿಕ್ರೂಟರ್ ಸುಲಭವಾದದ್ದನ್ನು ಕೊಟ್ಟು ಕಷ್ಟದ್ದನ್ನು ಬಿಟ್ಟುಬಿಡುತ್ತಾರೆ. ಫಿಕ್ಸೆಡ್‌ನಲ್ಲಿ ಬಂದ 80,000 ಮೂರು ವರ್ಷಕ್ಕೆ 2,40,000 ಆಗುತ್ತದೆ, ಅದರ ಮೇಲೆ ಇನ್‌ಕ್ರಿಮೆಂಟ್ ಬೇರೆ. ಒಂದೇ ಸಲ 2 ಲಕ್ಷ ಜಾಯಿನಿಂಗ್ ಬೋನಸ್ ತಗೊಂಡು ಫಿಕ್ಸೆಡ್ ಬಿಟ್ಟುಕೊಟ್ಟವರಿಗೆ ಎರಡನೇ ವರ್ಷ ಒಟ್ಟು ಸಂಪಾದನೆ ಕೆಳಗಿಳಿದದ್ದು ಕಾಣುತ್ತದೆ.

ನಮ್ಮ ಇಂಜಿನಿಯರ್ ಎರಡನೇ ದಿನ ತಾನೇ ಫೋನ್ ಮಾಡುತ್ತಾಳೆ. "ಸರ್, ಬ್ರೇಕಪ್ ನೋಡಿದೆ. ವೇರಿಯಬಲ್ ಬಿಟ್ಟು ನೋಡಿದರೆ ತಿಂಗಳ ಸಂಬಳದಲ್ಲಿ 11 ಪರ್ಸೆಂಟೂ ಏರಿಕೆ ಇಲ್ಲ. ಆಟೊಮೇಷನ್ ಫ್ರೇಮ್‌ವರ್ಕನ್ನು ಮೊದಲಿನಿಂದ ಕಟ್ಟುವ ಕೆಲಸ ಇದು ಅಂತ ಮ್ಯಾನೇಜರ್ ಹೇಳಿದ್ರು. ಇದೇ ಕೆಲಸವನ್ನ ನಾನು ಈಗಿನ ಕಂಪನಿಯಲ್ಲಿ ಮಾಡಿದ್ದೀನಿ. ಫಿಕ್ಸೆಡ್ 17 ಲಕ್ಷ ಮಾಡಿಸಿಕೊಟ್ರೆ ತಕ್ಷಣ ಒಪ್ಪಿಕೊಳ್ತೀನಿ." ಇಷ್ಟು ಹೇಳಿ ಸುಮ್ಮನಾಗಬೇಕು. ಆ ಕಡೆ ಮೌನವಾದರೆ ನಮ್ಮವರಿಗೆ ಸಂಕೋಚವಾಗಿ "ಇಲ್ಲಾಂದ್ರೆ 16 ಆದ್ರೂ ಪರವಾಗಿಲ್ಲ" ಎಂದು ತಾವೇ ಇಳಿಸಿಬಿಡುತ್ತಾರೆ. ಇದನ್ನು ನಾನು ಫೋನಿನ ಆ ತುದಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಬೇಜಾರಾಗಿದೆ.

ಅವಳ ಮಾತಿನಲ್ಲಿ ಕೆಲಸಕ್ಕೆ ಬಂದದ್ದು ಎರಡು ಸಂಗತಿ. ಒಂದು, ಮ್ಯಾನೇಜರ್ ಹೇಳಿದ ಕೆಲಸವನ್ನೇ ಕಾರಣವಾಗಿ ಕೊಟ್ಟದ್ದು. ರಿಕ್ರೂಟರ್ ಸಂಬಳ ತೀರ್ಮಾನಿಸುವವರಲ್ಲ, ನಿಮ್ಮ ಕೋರಿಕೆಯನ್ನು ಮ್ಯಾನೇಜರ್‌ಗೂ ಎಚ್‌ಆರ್‌ಗೂ ಒಯ್ಯುವವರು. ಅವರು ಮೇಲ್‌ನಲ್ಲಿ ಬರೆಯಬಹುದಾದ ಒಂದು ಸಾಲನ್ನು ನೀವೇ ಕೊಡಬೇಕು. "ಬೆಂಗಳೂರಲ್ಲಿ ಖರ್ಚು ಜಾಸ್ತಿ" ಎಂಬ ಸಾಲಿನಿಂದ ಒಪ್ಪಿಗೆ ಬರುವುದಿಲ್ಲ. ಇನ್ನೊಂದು, ಇಷ್ಟಾದರೆ ಒಪ್ಪುತ್ತೇನೆ ಎಂದು ಖಚಿತವಾಗಿ ಹೇಳಿದ್ದು. ಆಫರ್ ಹೆಚ್ಚಿಸಿದ ಮೇಲೂ ಅಭ್ಯರ್ಥಿ ಅದನ್ನು ಹಿಡಿದುಕೊಂಡು ಇನ್ನೊಂದು ಕಂಪನಿಗೆ ಹೋಗುತ್ತಾರೆ ಎಂಬುದೇ ಕಂಪನಿಯವರ ದೊಡ್ಡ ಭಯ. ನಮ್ಮಲ್ಲಿ 90 ದಿನದ ನೋಟಿಸ್ ಪೀರಿಯಡ್ ಇರುವುದರಿಂದ ಆ ಭಯ ಇನ್ನೂ ಜಾಸ್ತಿ.

ಕನ್ಸಲ್ಟೆನ್ಸಿಯ ಮೂಲಕ ಬಂದ ಆಫರ್ ಆದರೆ ಮಾತು ಎರಡು ಕೈ ದಾಟಿ ಹೋಗುತ್ತದೆ. ಆಗ ಕೇಳಿದ್ದನ್ನೇ ಚಿಕ್ಕದೊಂದು ಮೇಲ್‌ನಲ್ಲೂ ಬರೆದು ಕಳಿಸಿ, ದಾರಿಯಲ್ಲಿ ಅರ್ಥ ಬದಲಾಗುವುದಿಲ್ಲ.

ಇಲ್ಲದ ಆಫರ್ ಇದೆ ಎಂದು ಹೇಳುವುದು, ಈಗಿನ ಸಂಬಳವನ್ನು ಏರಿಸಿ ಹೇಳುವುದು, ಎರಡೂ ಬೇಡವೇ ಬೇಡ. ಮೂರು ತಿಂಗಳ ಪೇ ಸ್ಲಿಪ್ ಕೇಳುತ್ತಾರೆ, ಇನ್ನೊಂದು ಆಫರ್ ಇದೆಯೆಂದರೆ ಆ ಪತ್ರವನ್ನೂ ಕೇಳುತ್ತಾರೆ. ಹಿನ್ನೆಲೆ ಪರಿಶೀಲನೆಯಲ್ಲಿ ಸುಳ್ಳು ಸಿಕ್ಕಿದರೆ ಸೇರಿದ ಮೇಲೂ ತೆಗೆದುಹಾಕುವ ಹಕ್ಕನ್ನು ಪತ್ರದಲ್ಲಿ ಬರೆದುಕೊಂಡಿರುತ್ತಾರೆ.

ಎರಡು ದಿನ ಬಿಟ್ಟು ರಿಕ್ರೂಟರ್ ಮತ್ತೆ ಫೋನ್ ಮಾಡುತ್ತಾರೆ. "16,10,000 ತನಕ ಅಪ್ರೂವ್ ಆಯ್ತು ಮೇಡಂ. ಬ್ಯಾಂಡ್ ಅಲ್ಲಿಗೆ ಮುಗೀತು." ಫಿಕ್ಸೆಡ್‌ನಲ್ಲಿ 80,000 ಏರಿತು. ಇಲ್ಲಿ ಇನ್ನೊಂದೇ ಒಂದು ಸಲ, ವೇರಿಯಬಲ್‌ನ ಒಂದು ಭಾಗವನ್ನು ಫಿಕ್ಸೆಡ್‌ಗೆ ಹಾಕಲು ಆಗುತ್ತದೆಯೇ ಎಂದು ಕೇಳಬಹುದು. ಒಟ್ಟು ಸಿಟಿಸಿ ಬದಲಾಗದ ಕಾರಣ ಕೆಲವು ಕಡೆ ಒಪ್ಪುತ್ತಾರೆ. ವೇರಿಯಬಲ್ ಇಷ್ಟೇ ಪರ್ಸೆಂಟ್ ಎಂದು ಗ್ರೇಡಿಗೆ ಕಟ್ಟಿಹಾಕಿರುವ ಕಂಪನಿಯಾದರೆ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಅಲ್ಲಿಗೇ ಬಿಡಿ.

ಜಾಯಿನಿಂಗ್ ಬೋನಸ್ ಮಾತು ಬರಬೇಕಾದ್ದು ಈಗ. "ಸರಿ ಸರ್, ಬ್ಯಾಂಡ್ ವಿಷಯ ಅರ್ಥವಾಯ್ತು. ಆದರೆ ನೀವು ಹೇಳಿದ ತಾರೀಕಿಗೆ ಸೇರಿದರೆ ಇಲ್ಲಿನ ಮಾರ್ಚ್ ಬೋನಸ್ 1,40,000 ನನಗೆ ತಪ್ಪುತ್ತೆ. ಹೋದ ವರ್ಷದ ಸ್ಲಿಪ್ ಕಳಿಸ್ತೀನಿ. ಅಷ್ಟನ್ನ ಜಾಯಿನಿಂಗ್ ಬೋನಸ್ ಆಗಿ ಕೊಡಿಸಿ." ಸುಮ್ಮನೆ ಒಂದು ಲಕ್ಷ ಕೊಡಿ ಎನ್ನುವುದಕ್ಕಿಂತ ಇದರ ತೂಕ ಹೆಚ್ಚು, ಯಾಕೆಂದರೆ ನಷ್ಟ ನಿಜವಾದದ್ದು, ಕಾಗದದಲ್ಲಿ ತೋರಿಸಬಹುದಾದದ್ದು. ನೋಟಿಸ್ ಪೀರಿಯಡ್ ದುಡ್ಡು ಕಟ್ಟಿ ಬೇಗ ಬರಬೇಕೆಂದರೆ ಆ ದುಡ್ಡನ್ನು ಇದರ ಜೊತೆ ಬೆರೆಸಬೇಡಿ, ನೋಟಿಸ್ ಬೈಔಟ್ ಎಂದು ಬೇರೆಯಾಗಿಯೇ ಕೇಳಿ. ಅದಕ್ಕೆ ಬೇರೆ ನಿಯಮ ಇರುತ್ತದೆ.

ಅವರು 1,20,000ಕ್ಕೆ ಒಪ್ಪಿದರು ಎನ್ನಿ. ಮೊತ್ತಕ್ಕಿಂತ ಷರತ್ತುಗಳನ್ನು ನೋಡುವ ಹೊತ್ತು ಇದು. ಜಾಯಿನಿಂಗ್ ಬೋನಸ್ ಸಂಬಳವೇ ಆದ್ದರಿಂದ ತೆರಿಗೆ ಕಡಿದುಕೊಂಡು ಕೊಡುತ್ತಾರೆ. 15 ಪರ್ಸೆಂಟ್ ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ 18,720 ಹೋಗಿ ಕೈಗೆ ಬರುವುದು 1,01,280. ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕೊಡಬೇಕು ಎಂಬ ಷರತ್ತು ಬಹುತೇಕ ಪತ್ರಗಳಲ್ಲಿ ಇರುತ್ತದೆ. ಅವಳು ಒಂಬತ್ತು ತಿಂಗಳಿಗೆ ಬಿಡಬೇಕಾಯಿತು ಎಂದುಕೊಳ್ಳಿ. "ಪೂರ್ತಿ ಮೊತ್ತ" ಎಂದು ಬರೆದಿದ್ದರೆ, ಕೈಗೆ ಬಂದದ್ದು 1,01,280 ಆದರೂ ಕಟ್ಟಬೇಕಾದ್ದು 1,20,000. ಕಡಿತವಾದ ತೆರಿಗೆಗಾಗಿ ಆಮೇಲೆ ಓಡಾಡುವುದು ಅವಳ ಪಾಡು. "ಉಳಿದ ತಿಂಗಳುಗಳ ಪ್ರಮಾಣದಲ್ಲಿ" ಎಂದು ಬರೆದಿದ್ದರೆ ಕಟ್ಟಬೇಕಾದ್ದು ಮೂರು ತಿಂಗಳ ಪಾಲು, 30,000 ಮಾತ್ರ. ಒಂದು ಪದಗುಚ್ಛದ ಮೇಲೆ 90,000 ರೂಪಾಯಿ ನಿಂತಿದೆ. ಕಂಪನಿಯೇ ಲೇಆಫ್ ಮಾಡಿದರೆ ವಾಪಸ್ ಕೊಡಬೇಕಿಲ್ಲ ಎಂಬ ಸಾಲನ್ನೂ ಕೇಳಿ ಹಾಕಿಸಿಕೊಳ್ಳಬೇಕು. ಹಣ ಮೊದಲ ಸಂಬಳದ ಜೊತೆ ಬರುತ್ತದೋ, ಪ್ರೊಬೇಷನ್ ಮುಗಿದ ಮೇಲೋ ಎಂಬುದೂ ಬರವಣಿಗೆಯಲ್ಲಿರಲಿ.

ಇಷ್ಟಕ್ಕೆ ಒಪ್ಪಿದ ಮೇಲೆ ಮತ್ತೆ ಕೇಳುವ ಹಾಗಿಲ್ಲ. ಒಪ್ಪಿಕೊಂಡು ಇನ್ನೊಂದು ಅಂಕಿ ತೆಗೆದವರ ಆಫರ್ ವಾಪಸ್ ಹೋದದ್ದನ್ನು ನೋಡಿದ್ದೇನೆ, ಕಂಪನಿಯವರನ್ನು ಅದಕ್ಕೆ ತಪ್ಪೆನ್ನಲಾರೆ. ಕ್ಯಾಂಪಸ್‌ನಿಂದ ನೇರವಾಗಿ ಆಯ್ಕೆಯಾದ ಹೊಸಬರಿಗೆ ಈ ಮಾತುಕತೆಗೆ ಹೆಚ್ಚು ಜಾಗವಿರುವುದಿಲ್ಲ, ಅಲ್ಲಿ ಎಲ್ಲರಿಗೂ ಒಂದೇ ಪ್ಯಾಕೇಜ್.

ನಮ್ಮ ಇಂಜಿನಿಯರ್ ಅದೇ ದಿನ ಒಂದು ಮೇಲ್ ಹಾಕುತ್ತಾಳೆ: ಫಿಕ್ಸೆಡ್ 16,10,000, ಜಾಯಿನಿಂಗ್ ಬೋನಸ್ 1,20,000 ಮೊದಲ ಸಂಬಳದ ಜೊತೆ, ವಾಪಸಾತಿ ತಿಂಗಳ ಪ್ರಮಾಣದಲ್ಲಿ, ಸೇರುವ ತಾರೀಕು ಇಂಥದ್ದು, ಇದಕ್ಕೆ ನನ್ನ ಒಪ್ಪಿಗೆ ಇದೆ. ಪತ್ರ ಬಂದಾಗ ಆ ಮೇಲನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದುತ್ತಾಳೆ. ಅಂಕಿಗಳು ಸರಿಯಾಗಿವೆ, ವಾಪಸಾತಿಯ ಸಾಲಿನಲ್ಲಿ ಮಾತ್ರ ಹಳೆಯ ಮಾದರಿಯ "ಪೂರ್ತಿ ಮೊತ್ತ" ಹಾಗೇ ಉಳಿದಿದೆ. ಇಂಥದ್ದು ಮೋಸಕ್ಕಿಂತ ಹೆಚ್ಚಾಗಿ ಕಣ್ತಪ್ಪಿನಿಂದಲೇ ಆಗುತ್ತದೆ. ಅದನ್ನು ತೋರಿಸಿ, ತಿದ್ದಿದ ಪತ್ರ ತರಿಸಿಕೊಂಡು ಸಹಿ ಮಾಡುತ್ತಾಳೆ. ಈಗಿನ ಕಂಪನಿಗೆ ರಾಜೀನಾಮೆ ಕಳಿಸುವುದು ಆ ಸಹಿ ಆದ ಮೇಲೆ, ಅದಕ್ಕೆ ಒಂದು ದಿನವೂ ಮುಂಚೆ ಅಲ್ಲ.

ನಮಸ್ಕಾರ.