ಬ್ಯಾಂಕಿನ ಸಂದೇಶದಲ್ಲಿ ಬಂದ ಅಪರಿಚಿತ ಹೆಸರು

ಸಭೆಯ ಅಧ್ಯಕ್ಷರೇ, ಹೊಸ ಹೂಡಿಕೆ ಆ್ಯಪನ್ನು ಕಟ್ಟುತ್ತಿರುವ ಯುವಮಿತ್ರರೇ, ಅದು ಯಾರಿಗಾಗಿ ಸಿದ್ಧವಾಗುತ್ತಿದೆಯೋ ಆ ಬೆಳೆಗಾರರೇ, ವ್ಯಾಪಾರಿಗಳೇ,

ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪಲಿನಂಥ ಊರುಗಳಲ್ಲಿ ಮೊದಲ ಬಾರಿಗೆ ಮ್ಯೂಚುವಲ್ ಫಂಡಿಗೆ ಕೈಹಾಕುವವರ ಎದುರು ಈ ಆ್ಯಪನ್ನು ಹೇಗೆ ಪರಿಚಯಿಸಬೇಕು ಎಂಬುದು ನನಗೆ ಕೊಟ್ಟಿರುವ ವಿಷಯ. ಕರಡು ಜಾಹೀರಾತುಗಳನ್ನು ನೋಡಿದ್ದೇನೆ. ಒಂದರಲ್ಲಿ ‘ಲಕ್ಷಾಂತರ ಜನರ ವಿಶ್ವಾಸ’ ಎಂದಿತ್ತು; ಇನ್ನೂ ಬಿಡುಗಡೆಯಾಗದ ಆ್ಯಪಿಗೆ ಇಷ್ಟು ಜನ ಎಲ್ಲಿಂದ ಬಂದರೆಂದು ನಾನು ಕೇಳಲಿಲ್ಲ. ಇನ್ನೊಂದರಲ್ಲಿ ಲಾಭದ ಗೆರೆ ಪುಷ್ಪಗಿರಿಯ ಹಾಗೆ ಏರಿತ್ತು. ಇವೆರಡನ್ನೂ ಬಿಡಬೇಕೆಂದೇ ನನ್ನ ಸಲಹೆ. ‘ನಮ್ಮನ್ನು ನಂಬಿ’ ಎನ್ನುವ ಬದಲು ‘ನಮ್ಮನ್ನು ಹೊರಗಿನಿಂದ ಪರೀಕ್ಷಿಸಿ’ ಎನ್ನುವ ಆ್ಯಪಾಗಿ ನೀವು ಜನರ ಮುಂದೆ ನಿಲ್ಲಬೇಕು. ಹಾಗೇಕೆನ್ನುತ್ತೇನೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ.

ಶನಿವಾರಸಂತೆಯ ಕಡೆಯ ಬೆಳೆಗಾರರೊಬ್ಬರು ಕಾಫಿ ಮಾರಿದ ಹಣದಲ್ಲಿ ಐದು ಸಾವಿರ ರೂಪಾಯಿಯನ್ನು, ಮಗಳ ಒತ್ತಾಯಕ್ಕೆ, ಒಂದು ಆ್ಯಪಿನ ಮೂಲಕ, ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ತೊಡಗಿಸುವ ಲಿಕ್ವಿಡ್ ಫಂಡಿನಲ್ಲಿ ಹಾಕಿದರು. ಆ್ಯಪಿನ ಹೆಸರೊಂದು, ಫಂಡಿನ ಹೆಸರು ಇನ್ನೊಂದು. ಅಷ್ಟರ ಮಟ್ಟಿಗೆ ಅವರು ಸಿದ್ಧರಾಗಿದ್ದರು. ಆದರೆ ಬ್ಯಾಂಕಿನಿಂದ ಬಂದ ಸಂದೇಶದಲ್ಲಿ ಹಣ ಹೋಗಿದ್ದು ಈ ಎರಡರ ಹೆಸರಿಗೂ ಅಲ್ಲ, ‘ಇಂಡಿಯನ್ ಕ್ಲಿಯರಿಂಗ್ ಕಾರ್ಪೊರೇಷನ್’ ಎಂಬ ಮೂರನೆಯ ಹೆಸರಿಗೆ. ಅವರು ಊಟ ಬಿಟ್ಟು ಬ್ಯಾಂಕಿಗೆ ಹೋದರು. ಅಲ್ಲಿದ್ದ ಅಧಿಕಾರಿಗೂ ಆ ಹೆಸರು ಗೊತ್ತಿರಲಿಲ್ಲ; ‘ಯಾವುದಕ್ಕೂ ಪಿನ್ ಬದಲಾಯಿಸಿಬಿಡಿ’ ಎಂದರು. ಸಂಜೆಯ ಹೊತ್ತಿಗೆ ಅಕ್ಕಪಕ್ಕದ ತೋಟಗಳಿಗೆಲ್ಲ ಸುದ್ದಿ ಮುಟ್ಟಿತ್ತು.

ವಾಸ್ತವದಲ್ಲಿ ಏನೂ ತಪ್ಪಾಗಿರಲಿಲ್ಲ. ಆ ಆ್ಯಪು ಷೇರು ವಿನಿಮಯ ಕೇಂದ್ರದ ವ್ಯವಸ್ಥೆಯ ಮೂಲಕ ಫಂಡ್ ಕೊಳ್ಳುತ್ತಿತ್ತು. ಆ ದಾರಿಯಲ್ಲಿ ಹಣ ಆ್ಯಪಿನ ಖಾತೆಗೆ ಬರುವುದೇ ಇಲ್ಲ. ಹೂಡಿಕೆದಾರರ ಖಾತೆಯಿಂದ ನೇರವಾಗಿ, ಕೊಡುಕೊಳ್ಳುವಿಕೆಯ ಹಣ ಇತ್ಯರ್ಥ ಮಾಡುವ ಕ್ಲಿಯರಿಂಗ್ ಕಾರ್ಪೊರೇಷನ್ನಿಗೆ, ಅಲ್ಲಿಂದ ಫಂಡಿಗೆ ಹೋಗುತ್ತದೆ. ಅಂದರೆ ಯಾವ ವ್ಯವಸ್ಥೆ ಅವರ ಹಣವನ್ನು ಆ್ಯಪಿನವರ ಕೈಗೆ ಸಿಗದಂತೆ ಕಾಯುತ್ತಿತ್ತೋ ಅದೇ ಅವರಿಗೆ ಮೋಸದಂತೆ ಕಂಡಿತು. ಪಾವತಿಯ ಗುಂಡಿ ಒತ್ತುವ ಮೊದಲು ‘ನಿಮ್ಮ ಬ್ಯಾಂಕಿನ ಸಂದೇಶದಲ್ಲಿ ಈ ಹೆಸರು ಬರುತ್ತದೆ, ಅದು ನಾವಲ್ಲ, ಕಾರಣ ಇದು’ ಎಂಬ ಎರಡು ಸಾಲು ಇದ್ದಿದ್ದರೆ ಆ ಸಂದೇಶವೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಮುಂದೆ ಬಂದ ಲೆಕ್ಕದ ವಿವರದಲ್ಲಿ ಹೂಡಿಕೆಯ ಮೊತ್ತ ₹4,999.75 ಎಂದಿತ್ತು. ‘ಇಪ್ಪತ್ತೈದು ಪೈಸೆ ಯಾರು ಮುರಿದುಕೊಂಡರು?’ ಎಂದು ನನಗೆ ಫೋನ್ ಬಂತು. ನೀವು ನಗುತ್ತಿದ್ದೀರಿ. ಆದರೆ ಕಾಫಿ ಮಾರುವವರಿಗೆ ತೇವಾಂಶದ ಹೆಸರಿನಲ್ಲಿ, ಔಟ್‌ಟರ್ನ್ ಹೆಸರಿನಲ್ಲಿ, ಚೀಲದ ತೂಕದ ಹೆಸರಿನಲ್ಲಿ ಆಗುವ ಕಡಿತಗಳು ಗೊತ್ತು. ಹೇಳದೆ ಮುರಿದುಕೊಂಡ ಪೈಸೆಯನ್ನು ಅವರು ರೂಪಾಯಿಯಷ್ಟೇ ಗಂಭೀರವಾಗಿ ನೋಡುತ್ತಾರೆ. ಈ ಇಪ್ಪತ್ತೈದು ಪೈಸೆ ಸರ್ಕಾರದ ಮುದ್ರಾಂಕ ಶುಲ್ಕ. 2020ರ ಜುಲೈ 1ರಿಂದ ಮ್ಯೂಚುವಲ್ ಫಂಡ್ ಖರೀದಿಗೆ ಶೇಕಡಾ 0.005ರಂತೆ ಕಡಿತವಾಗುತ್ತಿದೆ. ಮೊದಲೇ ಹೇಳಿದರೆ ಅದು ಶುಲ್ಕ; ಹೇಳದಿದ್ದರೆ ಅನುಮಾನ. ರಸೀದಿಯ ಮೊದಲ ಪುಟದಲ್ಲೇ ಅದಿರಲಿ.

ಇನ್ನು ‘ಮೊದಲ ಹೂಡಿಕೆಯನ್ನು ಬೇಗ ವಾಪಸ್ ಕೊಟ್ಟು ತೋರಿಸಿದರೆ ನಂಬಿಕೆ ಹುಟ್ಟುತ್ತದೆ’ ಎಂದು ನಿಮ್ಮ ತಂಡದವರೊಬ್ಬರು ಹೇಳಿದರು. ಅರ್ಧ ಸರಿ. ಮೊದಲು ಸಣ್ಣ ಮೊತ್ತವನ್ನು ಲಿಕ್ವಿಡ್ ಫಂಡಿನಲ್ಲಿ ಹಾಕಿಸಿ, ವಾರ ಕಳೆದ ಮೇಲೆ ಹಿಂತೆಗೆಸಿ ನೋಡಿ ಎನ್ನುವುದು ಒಳ್ಳೆಯ ಅಭ್ಯಾಸ. ವಾರ ಎನ್ನಲು ಕಾರಣವಿದೆ: ಲಿಕ್ವಿಡ್ ಫಂಡಿನಲ್ಲಿ ಮೊದಲ ಆರು ದಿನ ಹಿಂತೆಗೆದರೆ ಸಣ್ಣದೊಂದು ನಿರ್ಗಮನ ಶುಲ್ಕವಿದೆ, ಏಳನೆಯ ದಿನದಿಂದ ಇಲ್ಲ. ಕೆಲಸದ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಕೋರಿಕೆ ಹಾಕಿದರೆ ಹಣ ಸಾಮಾನ್ಯವಾಗಿ ಮುಂದಿನ ಕೆಲಸದ ದಿನ, ನೋಂದಾಯಿಸಿದ ಬ್ಯಾಂಕ್ ಖಾತೆಗೇ ಬರುತ್ತದೆ. ಶುಕ್ರವಾರ ಸಂಜೆ ಹಾಕಿದ ಕೋರಿಕೆ ಸೋಮವಾರದ ಲೆಕ್ಕಕ್ಕೆ ಸೇರುತ್ತದೆ; ಅದು ಗೊತ್ತಿಲ್ಲದವರು ಶನಿವಾರ ಬೆಳಿಗ್ಗೆ ಗಾಬರಿಯಾಗುತ್ತಾರೆ. ಆದ್ದರಿಂದ ‘ಹಣ ಬರುವುದು ಮಂಗಳವಾರ’ ಎಂದು ವಾರದ ಹೆಸರನ್ನೇ ಬರೆಯಿರಿ.

ಉಳಿದರ್ಧ ಏಕೆ ತಪ್ಪೆಂದರೆ, ಮೋಸಗಾರರೂ ಇದನ್ನೇ ಮಾಡುತ್ತಾರೆ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿ, ನಕಲಿ ಟ್ರೇಡಿಂಗ್ ಆ್ಯಪನ್ನು ಹಾಕಿಸುವವರು ಮೊದಲ ಎರಡು ಸಾವಿರವನ್ನು ಲಾಭ ಸಮೇತ ಹಿಂತಿರುಗಿಸುತ್ತಾರೆ. ದೊಡ್ಡ ಮೊತ್ತ ಬಿದ್ದ ಮೇಲೆ ‘ತೆರಿಗೆ ಕಟ್ಟಿದರೆ ಮಾತ್ರ ಹಣ ಬಿಡುಗಡೆ’ ಎನ್ನುತ್ತಾರೆ. ಅವರ ಆ್ಯಪಿನ ಪರದೆ ನಿಮ್ಮದಕ್ಕಿಂತ ಚೆನ್ನಾಗಿಯೇ ಇರಬಹುದು. ಪರದೆಯ ಮೇಲೆ ಕಾಣುವ ಅಂಕಿಯಿಂದ ಪ್ರಾಮಾಣಿಕನನ್ನೂ ಕಳ್ಳನನ್ನೂ ಬೇರೆ ಮಾಡಲು ಸಾಧ್ಯವಿಲ್ಲ.

ಬೇರೆ ಮಾಡುವುದು ಆ್ಯಪಿನ ಹೊರಗಿರುವ ದಾಖಲೆ. ಫಂಡಿನ ಯೂನಿಟ್‌ಗಳ, ಅಂದರೆ ಹೂಡಿಕೆದಾರರ ಪಾಲಿನ, ಲೆಕ್ಕವನ್ನು ನೀವು ಇಡುವುದಿಲ್ಲ. ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಎಂಬ ರಿಜಿಸ್ಟ್ರಾರ್‌ಗಳು ಇಡುತ್ತಾರೆ. ಹೂಡಿಕೆದಾರರು ಅವರ ಜಾಲತಾಣಕ್ಕೆ ಹೋಗಿ, ಫಂಡಿಗೆ ಕೊಟ್ಟಿರುವ ಇಮೇಲ್ ನಮೂದಿಸಿದರೆ ಅವರ ಎಲ್ಲ ಫಂಡ್‌ಗಳ ಒಟ್ಟು ಲೆಕ್ಕಪಟ್ಟಿ ಅದೇ ಇಮೇಲಿಗೆ ಬರುತ್ತದೆ. ನಕಲಿ ಆ್ಯಪಿನವರು ಕೊಡಲಾಗದ ಸಾಕ್ಷಿ ಇದೊಂದೇ. ಆದ್ದರಿಂದ ಮೊದಲ ಹೂಡಿಕೆ ಮುಗಿದ ಕೂಡಲೇ ನಿಮ್ಮ ಆ್ಯಪು ಹೂಡಿಕೆದಾರರನ್ನು ಹೊರಗೆ ಕಳುಹಿಸಬೇಕು: ‘ನಮ್ಮ ಮಾತು ಬೇಡ, ಅಲ್ಲಿ ನೋಡಿ ಬನ್ನಿ.’ ಇಲ್ಲೊಂದು ಎಚ್ಚರಿಕೆ. ನೋಂದಣಿಯ ಗಡಿಬಿಡಿಯಲ್ಲಿ ಸೈಬರ್ ಅಂಗಡಿಯವರ ಇಮೇಲನ್ನೇ ಹಾಕಿಬಿಡುವ ಪದ್ಧತಿ ನಮ್ಮಲ್ಲಿದೆ. ಹಾಗಾದರೆ ಲೆಕ್ಕಪಟ್ಟಿ ಅಂಗಡಿಗೆ ಹೋಗುತ್ತದೆ. ಇಮೇಲ್ ಯಾರದ್ದೆಂದು ನೋಂದಣಿಯಲ್ಲೇ ವಿಚಾರಿಸಿ.

‘ನೀವು ಅಂಗಡಿ ಮುಚ್ಚಿದರೆ?’ ಎಂಬುದು ನಮ್ಮವರು ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆ. 2019ರಲ್ಲಿ ಬೆಂಗಳೂರಿನ ಹೂಡಿಕೆ ಕಂಪನಿ ಐಎಂಎ ಕುಸಿದ ಮೇಲೆ ಕರ್ನಾಟಕದಲ್ಲಿ ಅದನ್ನು ಕೇಳದವರಿಲ್ಲ. ನೀವೇ ಅದನ್ನು ಎತ್ತಿ, ಉತ್ತರವನ್ನು ಮುಖಪುಟದಲ್ಲಿ ಹಾಕಿ: ನಾವು ಮುಚ್ಚಿದರೂ ಯೂನಿಟ್‌ಗಳು ರಿಜಿಸ್ಟ್ರಾರ್ ಬಳಿ ನಿಮ್ಮ ಹೆಸರಿನಲ್ಲಿರುತ್ತವೆ, ಫಂಡ್ ಕಂಪನಿಯಿಂದಲೇ ಹಿಂತೆಗೆಯಬಹುದು. ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಇನ್ನೊಂದು ಸಾಲೂ ಇರಬೇಕು: ಬ್ಯಾಂಕ್ ಠೇವಣಿಗಿರುವ ಐದು ಲಕ್ಷದ ವಿಮೆ ಇಲ್ಲಿಲ್ಲ, ಮಾರುಕಟ್ಟೆ ಇಳಿದರೆ ಮೊತ್ತ ಇಳಿಯುತ್ತದೆ. ಈ ಎರಡನೆಯ ಸಾಲು ವ್ಯಾಪಾರ ಕೆಡಿಸುತ್ತದೆಂದು ನಿಮ್ಮ ಪ್ರಚಾರ ವಿಭಾಗದವರು ಹೆದರುತ್ತಾರೆ. ಹಣ ಕಳ್ಳತನವಾಗುವುದಕ್ಕೂ ಬೆಲೆ ಇಳಿಯುವುದಕ್ಕೂ ಇರುವ ವ್ಯತ್ಯಾಸ ಕಾಳುಮೆಣಸು ಬೆಳೆಯುವವರಿಗೆ ಚೆನ್ನಾಗಿ ಗೊತ್ತು. ಮೊದಲೇ ಹೇಳದಿದ್ದಾಗ ಮಾತ್ರ ಅವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಉಳಿದದ್ದನ್ನು ಓಡಿಸುತ್ತೇನೆ. ‘ಸ್ನೇಹಿತರನ್ನು ಸೇರಿಸಿ, ಹಣ ಗಳಿಸಿ’ ಎಂಬ ಯೋಜನೆ ಕೈಬಿಡಿ, ಅದನ್ನು ಕಂಡರೆ ಚೈನ್ ಸ್ಕೀಮ್ ನೆನಪಾಗುತ್ತದೆ. ಜುಲೈ ತಿಂಗಳಲ್ಲಿ ಇಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ. ಪಾವತಿಯ ಮಧ್ಯೆ ಸುತ್ತುವ ಚಕ್ರ ನಿಂತರೆ ಹಣ ಎಲ್ಲಿದೆಯೆಂದು ಎಸ್‌ಎಂಎಸ್ ಹೋಗುವಂತಿರಲಿ. ಕೊನೆಯದಾಗಿ ಹೆಸರಿನ ವಿಷಯ. ಕೊಡವ ಹೆಸರುಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಆಧಾರ್‌ನಲ್ಲಿ ಅದು ಇನಿಷಿಯಲ್ ಆಗಿ, ಪ್ಯಾನ್‌ನಲ್ಲಿ ಪೂರ್ತಿಯಾಗಿ ಇರುವುದುಂಟು. ಆಗ ನಿಮ್ಮ ಆ್ಯಪು ಕೆಂಪು ಅಕ್ಷರದಲ್ಲಿ ‘ಗುರುತು ದೃಢಪಟ್ಟಿಲ್ಲ’ ಎಂದರೆ, ತಲೆತಲಾಂತರದ ಹೆಸರು ಹೊತ್ತವರು ಮತ್ತೆ ಅದನ್ನು ತೆರೆಯುವುದಿಲ್ಲ. ‘ಎರಡು ದಾಖಲೆಗಳಲ್ಲಿ ಹೆಸರು ಬೇರೆ ರೀತಿ ಬರೆದಿದೆ, ಇಂಥದ್ದನ್ನು ಹೀಗೆ ಸರಿಪಡಿಸಬಹುದು’ ಎಂದು ಬರೆಯಿಸಿ, ಕೆಳಗೆ ಕನ್ನಡದಲ್ಲಿ ಮಾತನಾಡುವವರ ಫೋನ್ ನಂಬರ್ ಕೊಡಿ. ಪ್ರಶ್ನೆಗಳಿದ್ದರೆ ಚಹಾ ವಿರಾಮದಲ್ಲಿ ಸಿಗುತ್ತೇನೆ. ನಮಸ್ಕಾರ.