ಫ್ರಿಜ್ ಹಿಂದಿನ ಕುದುರೆ ಸವಾರ

ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಹೋಟೆಲ್ ಇದು. ಹೆಸರು ಹೇಳುವುದಿಲ್ಲ, ಯಾಕೆ ಎಂದು ಸ್ವಲ್ಪ ಹೊತ್ತಿನಲ್ಲಿ ನಿಮಗೇ ಗೊತ್ತಾಗುತ್ತದೆ. ನೀರುದೋಸೆ ಬಂತು, ತಿಂದಾಯಿತು, ವೀಡಿಯೊದಲ್ಲಿ ನೋಡಿದಿರಲ್ಲ. ನಾನು ಬಂದದ್ದು ಹಿಂದಿನ ಆ ಕೆಂಪು ಗೋಡೆಗಾಗಿ. ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ವಾರ್ಲಿ ಜನರ ಚಿತ್ರಗಳನ್ನು ಯಾರೋ ಇಲ್ಲಿ ಬಿಳಿ ಎಮಲ್ಷನ್‌ನಲ್ಲಿ ಬರೆದಿದ್ದಾರೆ. ಅಲ್ಲಿ ಇದನ್ನು ಬರೆಯುವುದು ಅಕ್ಕಿ ಹಿಟ್ಟಿನಿಂದ, ತುದಿ ಜಗಿದು ಕುಂಚ ಮಾಡಿಕೊಂಡ ಬಿದಿರುಕಡ್ಡಿಯಲ್ಲಿ.

ಹತ್ತಿರ ಬನ್ನಿ. ಎರಡು ತ್ರಿಕೋನಗಳು ತುದಿಗೆ ತುದಿ ತಾಗಿದರೆ ಒಂದು ಮೈ, ಮೇಲೊಂದು ವೃತ್ತ ಬಂದರೆ ತಲೆ. ತಲೆಯ ಹಿಂದೆ ಇನ್ನೊಂದು ಪುಟ್ಟ ಉಂಡೆ ಇದ್ದರೆ ಅದು ತುರುಬು, ಅಂದರೆ ಹೆಂಗಸು. ಸೀರೆ, ಬಳೆ, ಮೂಗುತಿ ಹುಡುಕಲು ಹೋಗಬೇಡಿ. ಮೂಲೆಯ ಈ ನಾಲ್ಕು ಮಂದಿಯನ್ನು ನೋಡಿ, ಸೊಂಟ ಅಷ್ಟು ಚೂಪಾಗಿಲ್ಲ, ಯಾರಿಗೂ ತುರುಬಿಲ್ಲ. ಇದು ಒಡಿಶಾದ ಸೌರಾ ಜನರ ಶೈಲಿ. ಗಂಡು ಹೆಣ್ಣು ಎಂದು ಅಲ್ಲಿ ಎದ್ದು ಕಾಣುವಂತೆ ಬೇರೆ ಮಾಡುವುದಿಲ್ಲ. ಮೊಬೈಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಒಂದೇ ಗೋಡೆಗೆ ಸುರಿದಿದ್ದಾರೆ. ಸೋಮಾರಿತನ! ಆದರೂ ರೇಖೆ ಎಷ್ಟು ಹಗುರವಾಗಿದೆ ನೋಡಿ, ಬರೆದವರ ಕೈ ಕೆಟ್ಟದ್ದಲ್ಲ.

ಈಗ ಈ ಸುರುಳಿ. ಬಡಿಸುವ ಅಣ್ಣ ಇದರೊಳಗೆ ಒಬ್ಬ ಊದುತ್ತಿರುವುದನ್ನು ತೋರಿಸಿ, "ಕೋಲದ ಕೊಂಬು ಅಲ್ಲವಾ ಮೇಡಂ?" ಎಂದರು. ನಮ್ಮೂರಿನವರಿಗೆ ಮೊದಲು ಹಾಗೆಯೇ ಕಾಣುವುದು. ಆದರೆ ಕೊಂಬು ಬಾಗಿ ಮೇಲಕ್ಕೆ ಏಳುತ್ತದೆ, ಇದು ಬಾಯಿಂದ ನೆಲದ ಕಡೆಗೆ ಇಳಿದಿದೆ. ನಡುವೆ ಉಬ್ಬಿದ್ದು ಒಣಗಿದ ಸೋರೆಬುರುಡೆ. ಇದು ತಾರ್ಪಾ ಎಂಬ ವಾದ್ಯ. ಊದುವವನ ಸುತ್ತ ಕೈ ಕೈ ಹಿಡಿದವರು ಸಾಲಾಗಿ ಸುತ್ತಿಕೊಂಡಿದ್ದಾರೆ, ಯಾರೂ ಅವನಿಗೆ ಬೆನ್ನು ತೋರಿಸುವುದಿಲ್ಲ. ಹಾಗಾಗಿ ಸುರುಳಿ ಕಂಡರೆ ಮೊದಲು ಅದರ ಒಳತುದಿಯಲ್ಲಿ ಊದುವವನನ್ನು ಹುಡುಕಿ.

ಸರಿ, ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಗೋಡೆಯಲ್ಲಿ ಕುದುರೆ ಸವಾರ ಒಬ್ಬನಿದ್ದಾನೆ. ಕುದುರೆಯ ಕಾಲು ಕಾಣುತ್ತದೆ, ಬಾಲ ಕಾಣುತ್ತದೆ, ಸವಾರನ ಸೊಂಟದವರೆಗೂ ಕಾಣುತ್ತದೆ. ಅದರ ಮೇಲಕ್ಕೆ? ತಂಪು ಪಾನೀಯದ ಫ್ರಿಜ್! ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸಿದ್ದಾರೆ. ಎರಡು ಗೇಣು ಸರಿಸುತ್ತೀರಾ ಎಂದು ಕೇಳಿದೆ. ಕ್ಯಾಶ್ ಕೌಂಟರಿನಲ್ಲಿದ್ದವರು ತಲೆ ಎತ್ತದೆ, "ಪ್ಲಗ್ ಇರುವುದು ಅಲ್ಲಿ ಮಾತ್ರ" ಎಂದರು. ಇಷ್ಟು ಖರ್ಚು ಮಾಡಿ ಚಿತ್ರ ಬರೆಸಿದವರಿಗೆ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ತರಲು ಆಗುವುದಿಲ್ಲವೇ? ಮುಚ್ಚಿದ್ದಾದರೂ ಏನನ್ನು? ಸವಾರ ಯಾರೆಂದು ಹೇಳುವ ಒಂದೇ ಗುರುತನ್ನು. ವಾರ್ಲಿ ಮದುವೆಯ ಚಿತ್ರದಲ್ಲಿ ಕುದುರೆಯ ಮೇಲೆ ಮದುಮಕ್ಕಳೂ ಬರುತ್ತಾರೆ, ಪಂಚಶಿರ್ಯಾ ಎಂಬ ದೇವರೂ ಬರುತ್ತಾನೆ. ಮದುಮಗನಾದರೆ ಕತ್ತಿನ ಮೇಲೆ ಎಲ್ಲರ ಹಾಗೆ ವೃತ್ತ ಇರಬೇಕು. ದೇವರಾದರೆ ಐದು ತಲೆ, ಇಲ್ಲವೇ ತಲೆಯೇ ಇಲ್ಲದ ಕತ್ತಿನಿಂದ ಚಿಗುರಿದ ಐದು ತೆನೆ. ಸೊಂಟದ ಕೆಳಗೆ ಮಾತ್ರ ನೋಡಿದರೆ ಇಬ್ಬರೂ ಒಂದೇ.

ಕೊನೆಗೆ ಸೆಲ್ಫಿ ಕಡ್ಡಿಗೆ ಮೊಬೈಲ್ ಸಿಕ್ಕಿಸಿ ಫ್ರಿಜ್ ಹಿಂದಿನ ಸಂದಿಗೆ ಇಳಿಸಿದೆ. ಜೇಡರ ಬಲೆ, ಒಂದು ಬಾಟಲಿ ಮುಚ್ಚಳ, ಧೂಳು... ಹಾಂ, ಇಲ್ಲಿ ನಿಲ್ಲಿಸಿ! ವೃತ್ತವಿಲ್ಲ. ಕತ್ತಿನಿಂದ ಐದು ಗೆರೆಗಳು, ಒಂದೊಂದಕ್ಕೂ ಇಕ್ಕೆಲದಲ್ಲಿ ಸಣ್ಣ ಸಣ್ಣ ಗೀಟು. ತೆನೆಗಳೇ. ಪಂಚಶಿರ್ಯಾ.

ಅವನ ಜಾಗ ಮಾತ್ರ ಇದಲ್ಲ. ಮದುವೆ ಮನೆಯ ಗೋಡೆಯಲ್ಲಿ ದೊಡ್ಡದೊಂದು ಚೌಕ ಬರೆಯುತ್ತಾರೆ, ಬರೆಯುವುದು ಮುತ್ತೈದೆಯರು. ಒಳಗೆ ಪಾಲಘಾಟ ದೇವಿ. ಸುತ್ತ ಕುಣಿತ, ಬೇಟೆ, ಮರ ಹತ್ತುವವರು ಏನೇ ಇರಲಿ, ಅವಳು ಚೌಕದ ಒಳಗೆ ನಿಂತಿರುತ್ತಾಳೆ. ಪಂಚಶಿರ್ಯಾನಿಗೆ ಬೇರೆಯೇ ಸಣ್ಣ ಚೌಕ. ಈ ಗೋಡೆಯಲ್ಲಿ ದೇವಿಯ ಚೌಕವೇನೋ ಇದೆ, ಆ ಕಿಟಕಿಯ ಪಕ್ಕದಲ್ಲಿ. ಆದರೆ ಅದರೊಳಗೆ ಇವರು ಹೋಟೆಲಿನ ಹೆಸರು ಬರೆದಿದ್ದಾರೆ! ದೇವಿಯನ್ನು ಎಬ್ಬಿಸಿ ಬೋರ್ಡ್ ಕೂರಿಸಿದ ಹಾಗಾಯಿತು. ದೇವರು ಬಯಲಲ್ಲಿ, ಅದೂ ಫ್ರಿಜ್ ಹಿಂದೆ.

ಹೆಂಗಸರ ಕೈಯಲ್ಲಿದ್ದ ಈ ಚಿತ್ರ ಕಾಗದಕ್ಕೆ, ಹೊರಗಿನ ಊರುಗಳಿಗೆ ಬಂದದ್ದು 1970ರ ದಶಕದಲ್ಲಿ. ಜಿವ್ಯಾ ಸೋಮಾ ಮಾಶೆ ಎಂಬ ಗಂಡಸು ಮದುವೆ ಇರಲಿ ಬಿಡಲಿ ಬರೆಯತೊಡಗಿದರು, 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದು ಚೌಕ ಬಿಟ್ಟು ಹೊರಬಂದದ್ದನ್ನು ನಾನು ತಪ್ಪು ಎನ್ನುವುದಿಲ್ಲ, ಹಾಗೆ ಬಾರದಿದ್ದರೆ ಮಂಗಳೂರಿನಲ್ಲಿ ಕೂತು ನಾನು ಇದನ್ನು ನೋಡುತ್ತಲೇ ಇರಲಿಲ್ಲ. ಘಟ್ಟದ ಮೇಲೆ ಸಾಗರದ ದೀವರ ಹಸೆ ಚಿತ್ತಾರಕ್ಕೂ ಕೆಂಪು ಗೋಡೆ, ಬಿಳಿ ಗೆರೆ, ಮದುವೆ ಎಲ್ಲ ಇದೆ. ಆದರೆ ಅಲ್ಲಿ ಓಟವಿಲ್ಲ, ಅಳೆದು ಎಳೆದ ಎಳೆಗಳದ್ದೇ ಕಾರುಬಾರು. ಅದಕ್ಕೆ ಬೇರೆಯೇ ವೀಡಿಯೊ ಬೇಕು...

ಕ್ಯಾಶ್ ಕೌಂಟರಿನವರು ಈ ಕಡೆ ನೋಡುತ್ತಿದ್ದಾರೆ, ಟೇಬಲ್ ಬೇಕಂತೆ. ಬೇಗ ಒಂದು ಮಾತು. ಬಲತುದಿಯಲ್ಲಿ ಏಣಿ, ಬಾಚಣಿಗೆ ಕಾಣುತ್ತಿವೆಯಲ್ಲ, ಅವು ಜಾಗ ತುಂಬಿಸಲು ಬರೆದವಲ್ಲ, ಮದುವೆ ಚೌಕದ ಸಾಮಾನು. ಬೇರೆ ಗೋಡೆಯಲ್ಲಿ ಅವು ಕಂಡರೆ ಪಕ್ಕದಲ್ಲಿ ಚೌಕ ಇದೆಯೇ ನೋಡಿ, ಒಳಗೆ ಯಾರಿದ್ದಾರೆ ಎಂದು ಕೆಳಗೆ ಬರೆದು ಹಾಕಿ. ಬಿಲ್ ಬಂತು, ಹೊರಟೆ.