ಎಂಟು ಸಾಕೇ, ನಾಲ್ಕಕ್ಕೆ ಇಳಿಯಬೇಕೇ: ಸರ್ಕಲ್ ಕ್ರೈಟೀರಿಯನ್ ಪರವಾಗಿ ಒಂದು ವಾದ

ಎಲ್ಲರಿಗೂ ನಮಸ್ಕಾರ. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುನ್ನ ಇನ್‌ಸ್ಟ್ರುಮೆಂಟ್ ವಿಭಾಗದವರು ಕಂಟ್ರೋಲ್ ಲೂಪ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಆ ಪರೀಕ್ಷೆಯಲ್ಲಿ ನಾವೆಲ್ಲ ನಂಬಿಕೊಂಡು ಬಂದಿರುವ ಒಂದು ರೂಢಿಯಿದೆ. ವಾಲ್ವಿನ ಗೇನ್ ಅತಿ ಕಡಿಮೆ ಇರುವಲ್ಲಿ ಲೂಪ್ ಸ್ಥಿರವಾಗಿದೆಯೇ ನೋಡುವುದು, ಅತಿ ಹೆಚ್ಚು ಇರುವಲ್ಲಿ ಸ್ಥಿರವಾಗಿದೆಯೇ ನೋಡುವುದು, ಎರಡೂ ಸರಿಯಿದ್ದರೆ ನಡುವಿನದೆಲ್ಲ ಸರಿಯೆಂದು ಸಹಿ ಹಾಕುವುದು. ಈ ರೂಢಿಯನ್ನು ಕೈಬಿಡಬೇಕು, ಅದರ ಜಾಗದಲ್ಲಿ, ಗೇನ್ ಬದಲಾಗುತ್ತಿದ್ದರೂ ಲೂಪ್ ಸ್ಥಿರವಾಗಿ ಉಳಿಯುತ್ತದೆಯೇ ಎಂದು ನೋಡುವ ಸರ್ಕಲ್ ಕ್ರೈಟೀರಿಯನ್ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆ ಎಂಬುದನ್ನು ಒಂದೇ ಲೂಪನ್ನು ಹಿಡಿದು ಲೆಕ್ಕ ಮಾಡಿ ತೋರಿಸುತ್ತೇನೆ.

ಕಬ್ಬಿನ ರಸವನ್ನು ಸುಮಾರು 70 ಡಿಗ್ರಿಗೆ ಬಿಸಿ ಮಾಡುವ ಜ್ಯೂಸ್ ಹೀಟರನ್ನು ತೆಗೆದುಕೊಳ್ಳೋಣ. ವಾಲ್ವ್ ತೆರೆದರೆ ಸ್ಟೀಮ್ ಬರುತ್ತದೆ. ಮೊದಲು ಕೊಳವೆಯ ಲೋಹ ಬಿಸಿಯಾಗುತ್ತದೆ, ನಂತರ ರಸ, ಅದರ ನಂತರ ಉಷ್ಣಮಾಪಕದ ಕವಚ. ಒಂದರ ಹಿಂದೆ ಒಂದು ಮೂರು ವಿಳಂಬಗಳು. ಲೆಕ್ಕ ಸರಳವಾಗಲೆಂದು ಮೂರೂ ಒಂದೊಂದು ನಿಮಿಷದವು ಎಂದಿಟ್ಟುಕೊಂಡರೆ ರೇಖೀಯ ಭಾಗ G(s) = 1/(s+1)^3 ಆಗುತ್ತದೆ. ಉಳಿದದ್ದೆಲ್ಲವನ್ನು, ಅಂದರೆ ಕಂಟ್ರೋಲರಿನ ಗೇನ್, ವಾಲ್ವಿನ ಬಾಗಿದ ಗುಣರೇಖೆ, ಸ್ಟೀಮಿನ ಒತ್ತಡದ ಪ್ರಭಾವ, ಇವೆಲ್ಲವನ್ನು ಒಂದೇ ಅರೇಖೀಯ ಅಂಶವಾಗಿ ಕಟ್ಟಿ ಲೂಪಿನ ಇನ್ನೊಂದು ಬದಿಗೆ ಇಡುತ್ತೇವೆ. ಈ ಅಂಶದ ನಿಖರ ಆಕಾರ ನಮಗೆ ಬೇಕಿಲ್ಲ. ಅದರ ರೇಖೆ ಮೂಲಬಿಂದುವಿನ ಮೂಲಕ ಹಾದುಹೋಗುವ ಎರಡು ಸರಳರೇಖೆಗಳ ನಡುವೆ, ಇಳಿಜಾರು α ಮತ್ತು ಇಳಿಜಾರು β ನಡುವೆ, ಸದಾ ಇರುತ್ತದೆ ಎಂಬ ಭರವಸೆ ಇದ್ದರೆ ಸಾಕು. ಆ ನಡುವಿನ ಜಾಗವೇ ಸೆಕ್ಟರ್. ಸೆಕ್ಟರಿನೊಳಗಿನ ಯಾವ ರೇಖೆ ಬಂದರೂ, ಎಲ್ಲಿಂದ ಆರಂಭವಾದರೂ ಲೂಪ್ ತನ್ನ ನೆಲೆಗೆ ಮರಳುವುದಾದರೆ ಅದನ್ನು ನಿರಪೇಕ್ಷ ಸ್ಥಿರತೆ ಎನ್ನುತ್ತಾರೆ.

ಈಗ ರೂಢಿಯ ಲೆಕ್ಕ. ಸಂಕೇತದ ಕೋನೀಯ ಆವೃತ್ತಿ ω = √3 ಆದಾಗ ಪ್ರತಿಯೊಂದು ವಿಳಂಬವೂ ಸಂಕೇತವನ್ನು ಅರ್ಧಕ್ಕೆ ಇಳಿಸಿ 60 ಡಿಗ್ರಿ ಹಿಂದೆ ಹಾಕುತ್ತದೆ. ಮೂರೂ ಸೇರಿ ಎಂಟನೇ ಒಂದು ಭಾಗ, 180 ಡಿಗ್ರಿ. ಅಂದರೆ ω ಬದಲಾದಂತೆ G(jω) ಸಂಕೀರ್ಣ ಸಮತಲದಲ್ಲಿ ಬರೆಯುವ ನೈಕ್ವಿಸ್ಟ್ ರೇಖೆ ಋಣ ಅಕ್ಷವನ್ನು −1/8 ರಲ್ಲಿ ದಾಟುತ್ತದೆ. ಗೇನ್ ಸ್ಥಿರಾಂಕವಾಗಿದ್ದರೆ 8ರ ತನಕ ಲೂಪ್ ಸ್ಥಿರ.

ಸರ್ಕಲ್ ಕ್ರೈಟೀರಿಯನ್ ಬೇರೆಯದನ್ನು ಕೇಳುತ್ತದೆ. ಸೆಕ್ಟರ್ 0ಯಿಂದ β ತನಕ ಇದ್ದು G ತಾನಾಗಿ ಸ್ಥಿರವಾಗಿದ್ದರೆ, ನೈಕ್ವಿಸ್ಟ್ ರೇಖೆ ಪೂರ್ತಿಯಾಗಿ −1/β ಎಂಬ ಲಂಬರೇಖೆಯ ಬಲಕ್ಕೆ ಇರಬೇಕು. ಅಕ್ಷವನ್ನು ಎಲ್ಲಿ ದಾಟಿತು ಎಂಬುದು ಇಲ್ಲಿ ಸಾಲದು. ರೇಖೆ ಎಡಕ್ಕೆ ಎಷ್ಟು ದೂರ ಹೋಯಿತು ಎಂಬುದು ಮುಖ್ಯ. ω = 1 ರಲ್ಲಿ ಪ್ರತಿ ವಿಳಂಬ 45 ಡಿಗ್ರಿ ಹಿಂದೆ ಹಾಕಿ ಪರಿಮಾಣವನ್ನು 0.707ಕ್ಕೆ ಇಳಿಸುತ್ತದೆ. ಮೂರು ಸೇರಿದಾಗ ಪರಿಮಾಣ 0.354, ಕೋನ 135 ಡಿಗ್ರಿ, ವಾಸ್ತವ ಭಾಗ −0.25. ರೇಖೆ ಅತಿ ಎಡಕ್ಕೆ ಹೋಗುವುದು ಇಲ್ಲಿಯೇ. ಆದ್ದರಿಂದ β 4ಕ್ಕಿಂತ ಕಡಿಮೆ ಇರಬೇಕು.

ಒಂದು ಪರೀಕ್ಷೆ 8 ಎನ್ನುತ್ತದೆ, ಇನ್ನೊಂದು 4 ಎನ್ನುತ್ತದೆ. ಇಲ್ಲಿಯೇ ಅನೇಕರು ಸರ್ಕಲ್ ಕ್ರೈಟೀರಿಯನ್ ಅನ್ನು ಬದಿಗಿಡುತ್ತಾರೆ. ಅದು ಸಾಕಾಗುವ ಷರತ್ತು ಮಾತ್ರ, ಅಗತ್ಯ ಷರತ್ತಲ್ಲ, ಅತಿಯಾಗಿ ಹೆದರುತ್ತದೆ, ಅರ್ಧ ಗೇನನ್ನು ಸುಮ್ಮನೆ ಬಿಟ್ಟುಕೊಡಬೇಕಾಗುತ್ತದೆ ಎನ್ನುವುದು ಅವರ ಮಾತು. ಮೊದಲನೆಯ ಮಾತು ಸರಿ: 4 ದಾಟಿದ ಕೂಡಲೇ ಲೂಪ್ ಕೆಡುತ್ತದೆ ಎಂದು ಅದು ಹೇಳುವುದಿಲ್ಲ. ಆದರೆ 4ಕ್ಕೂ 8ಕ್ಕೂ ನಡುವಿನ ಅಂತರವೆಲ್ಲ ಬರೀ ಹೆದರಿಕೆ ಎಂಬುದನ್ನು ನಾನು ಒಪ್ಪುವುದಿಲ್ಲ. ಎರಡು ಪರೀಕ್ಷೆಗಳೂ ಉತ್ತರಿಸುತ್ತಿರುವ ಪ್ರಶ್ನೆಯೇ ಬೇರೆ. ಮೊದಲನೆಯದು ಗೇನ್ ಒಂದೇ ಕಡೆ ನಿಂತಿರುತ್ತದೆ ಎಂದು ಭಾವಿಸುತ್ತದೆ. ಎರಡನೆಯದು ಆ ಗೇನ್ ಸೆಕ್ಟರಿನೊಳಗೆ ಕ್ಷಣಕ್ಷಣಕ್ಕೂ ಬದಲಾಗಬಹುದು ಎಂದು ಒಪ್ಪಿಕೊಂಡು ಉತ್ತರ ಕೊಡುತ್ತದೆ. ಕಾರ್ಖಾನೆಯಲ್ಲಿ ಪ್ಯಾನ್‌ಗಳಿಗೆ ಸ್ಟೀಮ್ ತಿರುಗಿಸಿದಾಗ ಒತ್ತಡ ಇಳಿಯುತ್ತದೆ, ನಿಲ್ಲಿಸಿದಾಗ ಏರುತ್ತದೆ, ಅದರೊಂದಿಗೆ ಹೀಟರ್ ವಾಲ್ವಿನ ಗೇನ್ ಕೂಡ ಏರಿಳಿಯುತ್ತದೆ. ನಮ್ಮ ನಿಜವಾದ ಪರಿಸ್ಥಿತಿ ಎರಡನೆಯದು.

ಬದಲಾಗುವ ಗೇನ್ ಎಷ್ಟು ಹಾನಿ ಮಾಡಬಲ್ಲದು ಎಂಬುದನ್ನು ಕೈಯಿಂದಲೇ ಲೆಕ್ಕ ಹಾಕಬಹುದಾದ ಇನ್ನೂ ಚಿಕ್ಕ ಲೂಪಿನಲ್ಲಿ ನೋಡೋಣ.

y'' + 0.2 y' + k y = 0

ಇಲ್ಲಿ k ಯಾವುದೇ ಧನ ಸ್ಥಿರಾಂಕವಾಗಿರಲಿ, ಲೂಪ್ ಸ್ಥಿರ. 1 ಇರಲಿ, 4 ಇರಲಿ, ಸಾವಿರವೇ ಇರಲಿ. ರೂಢಿಯ ಪರೀಕ್ಷೆಗೆ ಇಲ್ಲಿ ಮಿತಿಯೇ ಸಿಗುವುದಿಲ್ಲ. ಈಗ k ಅನ್ನು 1 ಮತ್ತು 4ರ ನಡುವೆ ಹೀಗೆ ಬದಲಿಸಿ: y ಸೊನ್ನೆಯಿಂದ ದೂರ ಹೋಗುವಾಗ 1, ಸೊನ್ನೆಗೆ ಮರಳುವಾಗ 4. ವೇಗ v ನಿಂದ ಹೊರಟ y, k = 1 ಇರುವಾಗ ಸುಮಾರು 1.48 ಸೆಕೆಂಡಿನಲ್ಲಿ 0.863v ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿಂದ k = 4 ಆಗಿ, 0.81 ಸೆಕೆಂಡಿನಲ್ಲಿ ಸೊನ್ನೆಗೆ ಮರಳುವಾಗ ಅದರ ವೇಗ ಎತ್ತರದ 1.84 ಪಟ್ಟು ಇರುತ್ತದೆ. ಎರಡನ್ನೂ ಗುಣಿಸಿದರೆ 1.59. ಅಂದರೆ ಪ್ರತಿ ಅರ್ಧ ಆವರ್ತನದಲ್ಲಿ ವೇಗ ಶೇಕಡಾ 59ರಷ್ಟು ಹೆಚ್ಚುತ್ತದೆ. ದೂರ ಹೋಗುವಾಗ ತಡೆ ಕಡಿಮೆ, ಮರಳುವಾಗ ಎಳೆತ ಹೆಚ್ಚು. ಘರ್ಷಣೆ ಕಳೆಯುವುದಕ್ಕಿಂತ ಹೆಚ್ಚು ಶಕ್ತಿಯನ್ನು ಗೇನಿನ ಬದಲಾವಣೆಯೇ ಒಳಗೆ ತುಂಬುತ್ತದೆ. ಗಮನಿಸಿ, ಈ ಎರಡು ಅವಧಿಗಳು ಪ್ರತಿ ಸಲವೂ ಅಷ್ಟೇ ಇರುವುದರಿಂದ y ಅನ್ನು ಅಳೆಯುವ ಅಗತ್ಯವೂ ಇಲ್ಲ. ಗಡಿಯಾರ ನೋಡಿಕೊಂಡು ಬದಲಾಗುವ ಒಂದು ಒತ್ತಡವೇ, ತಾಳ ಹೊಂದಿಬಿಟ್ಟರೆ, ಈ ಕೆಲಸ ಮಾಡಬಲ್ಲದು.

ಇದೇ ಲೂಪಿಗೆ ಸರ್ಕಲ್ ಕ್ರೈಟೀರಿಯನ್ ಏನು ಹೇಳುತ್ತದೆ? k ಯ ಕನಿಷ್ಠ ಮಿತಿ 1 ಆಗಿದ್ದರೆ ಗರಿಷ್ಠ ಮಿತಿ (1 + 0.2)^2, ಅಂದರೆ 1.44ರ ಕೆಳಗೆ ಇರಬೇಕು. ಮೇಲಿನ ಅದಲುಬದಲನ್ನೇ 4ರ ಬದಲು 1.8ರಿಂದ ಮಾಡಿ ನೋಡಿದರೆ ಪ್ರತಿ ಅರ್ಧ ಆವರ್ತನಕ್ಕೆ ವೇಗ ಸುಮಾರು ಶೇಕಡಾ 2 ಹೆಚ್ಚುತ್ತದೆ, ಅಂದರೆ ಲೂಪ್ ಆಗಲೇ ಕೆಟ್ಟಿದೆ. ನಿಜವಾದ ಅಪಾಯ 1.8ರೊಳಗೇ ಆರಂಭವಾಗಿರುವಾಗ ಒಂದು ಪರೀಕ್ಷೆ 1.44ರಲ್ಲಿ ನಿಲ್ಲಿ ಎಂದಿತು, ಇನ್ನೊಂದು ಮಿತಿಯೇ ಇಲ್ಲ ಎಂದಿತು. ಇವೆರಡರಲ್ಲಿ ಯಾವುದನ್ನು ಅತಿಯಾದದ್ದು ಎನ್ನಬೇಕು ಎಂಬುದನ್ನು ನೀವೇ ಯೋಚಿಸಿ. ಸರ್ಕಲ್ ಕ್ರೈಟೀರಿಯನ್ ಬಿಟ್ಟುಕೊಟ್ಟದ್ದು 1.44ಕ್ಕೂ 1.8ಕ್ಕೂ ನಡುವಿನ ಒಂದು ಕಿರಿದಾದ ಪಟ್ಟಿ ಮಾತ್ರ.

ಹಾಗಾದರೆ ಹೀಟರಿನ ವಿಷಯದಲ್ಲಿ 8 ಎಂಬ ಸಂಖ್ಯೆ ಎಂದೂ ಸಲ್ಲುವುದಿಲ್ಲವೇ? ಸಲ್ಲುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಸ್ಥಿರಾಂಕ ಗೇನ್‌ಗಳೆಲ್ಲ ಸರಿಯಿದ್ದರೆ ಅವುಗಳ ನಡುವಿನ ಬಾಗಿದ ರೇಖೆಯೂ ಸರಿಯಿರುತ್ತದೆ ಎಂದು 1949ರಲ್ಲಿ ಐಜರ್ಮನ್ ಊಹಿಸಿದ್ದರು. ಆ ಊಹೆ ಎಲ್ಲ ಲೂಪ್‌ಗಳಿಗೂ ನಿಜವಲ್ಲ ಎಂಬುದು ಮುಂದೆ ಸಾಬೀತಾಯಿತು. 1961ರಲ್ಲಿ ಪೊಪೊವ್ ಕೊಟ್ಟ ಪರೀಕ್ಷೆ, ರೇಖೆ ಬಾಗಿದ್ದರೂ ಕಾಲದೊಂದಿಗೆ ಬದಲಾಗದಿದ್ದರೆ ಏನು ಹೇಳಬಹುದು ಎಂಬುದನ್ನು ತಿಳಿಸುತ್ತದೆ. ನಮ್ಮ G ಗೆ ಅದನ್ನು ಅನ್ವಯಿಸಿದರೆ, ಅದರ ಗುಣಕವನ್ನು 1 ಎಂದು ಆರಿಸಿದಾಗ, 8ರ ತನಕದ ಪೂರ್ತಿ ಸೆಕ್ಟರ್ ಮರಳಿ ಸಿಗುತ್ತದೆ. ಹಾಗಾಗಿ ಸ್ಟೀಮಿನ ಒತ್ತಡವನ್ನು ಬೇರೆ ಲೂಪಿನಿಂದ ಗಟ್ಟಿಯಾಗಿ ಹಿಡಿದಿಟ್ಟ ಕಡೆ ಪೊಪೊವ್ ಪರೀಕ್ಷೆಯನ್ನು ಬಳಸಿ 4ರ ಮೇಲಕ್ಕೆ ಹೋಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಒತ್ತಡ ಅಲುಗಾಡುವ ಕಡೆ ಆ ಪರೀಕ್ಷೆಯನ್ನು ಬಳಸುವುದಕ್ಕೆ ಆಧಾರವೇ ಇಲ್ಲ.

ಗೇನ್ ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿಯಿದೆ, ಅದು ಸೆಕ್ಟರಿನ ಕೆಳಗಿನ ಅಂಚನ್ನು ಸರಿಯಾಗಿ ಅಳೆಯುವುದು. α ಸೊನ್ನೆಗಿಂತ ಹೆಚ್ಚಿದ್ದರೆ ನಿಷಿದ್ಧ ಪ್ರದೇಶ ಅರ್ಧ ಸಮತಲವಾಗಿ ಉಳಿಯದೆ, −1/α ಮತ್ತು −1/β ನಡುವೆ ವ್ಯಾಸವಿರುವ ಒಂದು ವೃತ್ತವಾಗಿ ಕುಗ್ಗುತ್ತದೆ. ಸ್ಥಿರವಾದ G ಯ ನೈಕ್ವಿಸ್ಟ್ ರೇಖೆ ಆ ವೃತ್ತವನ್ನು ಮುಟ್ಟದೆ, ಸುತ್ತದೆ ಇದ್ದರೆ ಸಾಕು. ನಮ್ಮ ಹೀಟರಿನಲ್ಲಿ α = 1 ಎಂದಾದರೆ β ಯ ಮಿತಿ 4ರಿಂದ 2 + 2√2ಕ್ಕೆ, ಸುಮಾರು 4.83ಕ್ಕೆ ಏರುತ್ತದೆ.

ಅಳತೆಯ ಕ್ರಮವೂ ಮುಖ್ಯ. ವಾಲ್ವ್ ಸಾಮಾನ್ಯವಾಗಿ ಕೆಲಸ ಮಾಡುವ ಬಿಂದುವನ್ನು ಗುರುತಿಸಿ, ಅಲ್ಲಿಂದ ಗುಣರೇಖೆಯ ಮೇಲಿನ ಉಳಿದ ಬಿಂದುಗಳಿಗೆ ಜ್ಯಾಗಳನ್ನು ಎಳೆಯಬೇಕು, ಸ್ಪರ್ಶರೇಖೆಗಳನ್ನಲ್ಲ. ಕಡಿಮೆ ಒತ್ತಡದಲ್ಲಿ ಒಮ್ಮೆ, ಹೆಚ್ಚು ಒತ್ತಡದಲ್ಲಿ ಒಮ್ಮೆ ಎಳೆದು, ಎಲ್ಲಕ್ಕಿಂತ ಚಪ್ಪಟೆಯಾದ ಜ್ಯಾದಿಂದ α, ಎಲ್ಲಕ್ಕಿಂತ ಕಡಿದಾದ ಜ್ಯಾದಿಂದ β ತೆಗೆಯಬೇಕು. ಹೀಗೆ ಅಳೆದಾಗ 1.25 ಮತ್ತು 6 ಬಂದವು ಎನ್ನೋಣ. ರೂಢಿಯ ಪರೀಕ್ಷೆ 6 ಎಂಬುದು 8ರೊಳಗಿದೆ ಎಂದು ಬಿಟ್ಟುಬಿಡುತ್ತದೆ. ಸರ್ಕಲ್ ಕ್ರೈಟೀರಿಯನ್ ಒಪ್ಪುವುದಿಲ್ಲ. ಕಂಟ್ರೋಲರಿನ ಗೇನನ್ನು ಮುಕ್ಕಾಲಿಗೆ ಇಳಿಸಿದರೆ ಸೆಕ್ಟರ್ 0.94ರಿಂದ 4.5 ಆಗುತ್ತದೆ, ಆಗ ರೇಖೆ ವೃತ್ತದಿಂದ ಸಾಕಷ್ಟು ದೂರ ಉಳಿಯುತ್ತದೆ. ಅರ್ಧಕ್ಕೆ ಇಳಿಸಬೇಕಾಗಲಿಲ್ಲ, ಕಾಲು ಭಾಗ ಬಿಟ್ಟುಕೊಟ್ಟರೆ ಸಾಕಾಯಿತು.

ಇಲ್ಲಿ ಒಂದು ಎಚ್ಚರಿಕೆ. ವಾಲ್ವ್ ಪೂರ್ತಿ ತೆರೆದ ಮೇಲೆ ರೇಖೆ ಚಪ್ಪಟೆಯಾಗುತ್ತದೆ, ದೂರದ ಜ್ಯಾಗಳ ಇಳಿಜಾರು ಸೊನ್ನೆಯತ್ತ ಸಾಗುತ್ತದೆ. 0.94 ಎಂಬ ಕೆಳ ಅಂಚು, ಉದಾಹರಣೆಗೆ 10 ಡಿಗ್ರಿ ಏರಿಳಿತದೊಳಗೆ ಅಳೆದದ್ದಾದರೆ, ಸ್ಥಿರತೆಯ ಭರವಸೆಯೂ ಅಂಥದೊಂದು ಸೀಮಿತ ವಲಯಕ್ಕೇ ಸೇರಿದ್ದು. ತಣ್ಣಗಿರುವ ಹೀಟರನ್ನು ಮೊದಲ ಬಾರಿಗೆ ಚಾಲೂ ಮಾಡುವ ಹೊತ್ತಿಗೆ ಅದನ್ನು ಹಿಗ್ಗಿಸಬಾರದು; ಅಲ್ಲಿಗೆ α = 0 ಮತ್ತು β = 4 ಎಂಬ ಲೆಕ್ಕವೇ ಸರಿ.

ಇಷ್ಟೆಲ್ಲ ಮಾಡುವ ಮೊದಲು ವಾಲ್ವಿನ ಮುಂದೆಯೇ ನಿಂತು ಮಾಡಬೇಕಾದ ಒಂದು ಪರೀಕ್ಷೆಯಿದೆ. ಕಮಾಂಡನ್ನು ಶೇಕಡಾ 30ರಿಂದ ಏರಿಸಿ 40ಕ್ಕೆ ತನ್ನಿ, ಕಾಂಡ ನಿಂತ ಜಾಗವನ್ನು ಅಳತೆಪಟ್ಟಿಯ ಮೇಲೆ ಓದಿ ಬರೆದುಕೊಳ್ಳಿ. ನಂತರ 50ರಿಂದ ಇಳಿಸಿ ಅದೇ 40ಕ್ಕೆ ತಂದು ಮತ್ತೆ ಓದಿ. ಗ್ಲ್ಯಾಂಡ್ ಪ್ಯಾಕಿಂಗ್ ಬಿಗಿಯಾಗಿ ಕಾಂಡ ಕಚ್ಚಿಕೊಳ್ಳುತ್ತಿದ್ದರೆ ಎರಡು ಓದುಗಳು ಹೊಂದುವುದಿಲ್ಲ. ಆಗ ಒಂದೇ ಕಮಾಂಡಿಗೆ ಎರಡು ಉತ್ತರಗಳಿರುವ, ಹಿಂದಿನ ಚಲನೆಯನ್ನು ನೆನಪಿಟ್ಟುಕೊಂಡಿರುವ ಅಂಶ ನಿಮ್ಮ ಲೂಪಿನಲ್ಲಿದೆ. ನೆನಪಿಲ್ಲದ ಅಂಶಗಳಿಗೆಂದು ಹೇಳಿದ ಈ ಕ್ರೈಟೀರಿಯನ್ ಅದಕ್ಕೆ ಅನ್ವಯಿಸುವುದಿಲ್ಲ. ಅಂಥ ಸಂದರ್ಭದಲ್ಲಿ ವೃತ್ತ ಎಳೆಯಲು ಕೂರಬೇಡಿ. ಮೊದಲು ಪ್ಯಾಕಿಂಗ್ ಸರಿಪಡಿಸಿ, ಎರಡು ಓದುಗಳು ಒಂದಾದ ಮೇಲೆ ಜ್ಯಾಗಳನ್ನು ಹೊಸದಾಗಿ ಅಳೆಯಿರಿ.